ಒಂದೇ ಮೆಸೇಜಿನಲ್ಲಿ ನಾಲ್ಕು ಕೆಲಸ: ಮೊದಲು ಯಾವುದು?

ಪ್ರಶ್ನೆ: ಬೆಳಿಗ್ಗೆ 9:30ಕ್ಕೆ ಬಾಸ್ ಮೆಸೇಜ್: "ನಾಳೆ ಹುಬ್ಬಳ್ಳಿಗೆ ಎಸಿ ತತ್ಕಾಲ್ ಟಿಕೆಟ್ ಮಾಡು, ಹಳೇ ಫೋಲ್ಡರ್ ಅಳಿಸು, ಚೆಕ್ ಬ್ಯಾಂಕಿಗೆ ಹಾಕು, ಎಸ್.ಪಿ. ರೋಡಿಂದ ಟೋನರ್ ತಾ." ಎಲ್ಲಿಂದ ಶುರು ಮಾಡಲಿ, ಏನು ಕೇಳಲಿ?

ಉತ್ತರ: ಕೆಲಸಕ್ಕಿಂತ ಮೊದಲು ಪ್ರಶ್ನೆ ಕಳಿಸಿ, ಯಾಕಂದ್ರೆ ಉತ್ತರ ಬರೋಕೂ ಹೊತ್ತು ಹಿಡಿಯುತ್ತೆ. ತಪ್ಪಾದರೆ ಸರಿಪಡಿಸಲಾಗದ್ದನ್ನು ಮಾತ್ರ ಕೇಳಿ: "ಸರ್, ಟಿಕೆಟ್ ಯಾರ ಹೆಸರಿಗೆ, ವಯಸ್ಸೆಷ್ಟು, ಯಾವ ರೈಲು? ಅಳಿಸಬೇಕಾದ್ದು ಯಾವ ಫೋಲ್ಡರ್?" ಎಸಿ ತತ್ಕಾಲ್ ಹಿಂದಿನ ದಿನ 10ಕ್ಕೆ ತೆರೆಯುತ್ತೆ, ಕನ್ಫರ್ಮ್ ಆದ ಟಿಕೆಟ್ ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ. 9:45ಕ್ಕೂ ಉತ್ತರ ಬರದಿದ್ದರೆ ಫೋನ್ ಮಾಡಿ, ಸಂಕೋಚ ಬೇಡ. ಟಿಕೆಟ್ ಆದ ಮೇಲೆ ಚೆಕ್, ಆಮೇಲೆ ಟೋನರ್. ಟೋನರ್ ನಂಬರನ್ನು ಪ್ರಿಂಟರಲ್ಲೇ ನೋಡ್ಕೊಳ್ಳಿ, ಬಾಸನ್ನು ಕೇಳೋದೇನೂ ಇಲ್ಲ. ಫೋಲ್ಡರ್ ಮಾತ್ರ ಉತ್ತರ ಬರೋವರೆಗೆ ಮುಟ್ಟಬೇಡಿ, ಸಂಜೆಯಾದರೂ ಸರಿ.