ಸಂಕ್ರಾಂತಿಗೆ ಬಂದ 11 ದಿನ

ಪ್ರಶ್ನೆ: 2024ರ ಸೆಪ್ಟೆಂಬರ್ 20ಕ್ಕೆ ಮಂಡ್ಯ ಬಿಟ್ಟು ಕೆಲಸಕ್ಕೆ ಜರ್ಮನಿಗೆ ಬಂದೆ. ಜನವರಿ 10ರಿಂದ 20ರವರೆಗೆ ಹಬ್ಬಕ್ಕೆ ಊರಲ್ಲಿದ್ದೆ. ಆ ಹಣಕಾಸು ವರ್ಷಕ್ಕೆ ನಾನು ಎನ್‌ಆರ್‌ಐ ಅಲ್ವಾ?

ಉತ್ತರ: ಇಲ್ಲ, ಆ ವರ್ಷಕ್ಕೆ ನೀವು ರೆಸಿಡೆಂಟೇ. ಕೆಲಸಕ್ಕೆಂದು ದೇಶ ಬಿಡುವ ಭಾರತೀಯರಿಗೆ ಆ ವರ್ಷ 60 ದಿನದ ನಿಯಮದ ಬದಲು, ಭಾರತದಲ್ಲಿ 182 ದಿನ ಇದ್ದರೆ ರೆಸಿಡೆಂಟ್ ಎಂಬ ಮಿತಿ ಇದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 20ಕ್ಕೆ 173 ದಿನ. ಅಲ್ಲಿಗೇ ನಿಂತಿದ್ದರೆ ನಿಮ್ಮ ಮಾತು ಸರಿ. ಆದರೆ ಸಂಕ್ರಾಂತಿಯ 11 ದಿನ ಸೇರಿ 184 ಆಯಿತು. ಬಂದ ದಿನ ಬಿಟ್ಟರೂ 183.

ನಮ್ಮ ಕಾನೂನಿನಲ್ಲಿ ವರ್ಷವನ್ನು ಅರ್ಧ ರೆಸಿಡೆಂಟ್, ಅರ್ಧ ಎನ್‌ಆರ್‌ಐ ಎಂದು ಒಡೆಯುವಂತಿಲ್ಲ. ಹಾಗಾಗಿ ಜರ್ಮನಿಯ ಸಂಬಳವನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಫಾರ್ಮ್ 67 ಹಾಕಿ ಕ್ರೆಡಿಟ್ ಕೇಳಿ. ಪಾಸ್‌ಪೋರ್ಟ್‌ನ ಮುದ್ರೆಗಳನ್ನು ಈಗಲೇ ಸ್ಕ್ಯಾನ್ ಮಾಡಿಡಿ, ದಿನದ ಲೆಕ್ಕಕ್ಕೆ ಅದೇ ಸಾಕ್ಷಿ.