ಹುಡುಗ ಹೋದ, ಲಿಸ್ಟೂ ಹೋಯ್ತು

ಸಂಪಾದಕರೇ, ಐಜಿ ರಸ್ತೆಯಲ್ಲಿ ನಮ್ಮದೊಂದು ಚಿಕ್ಕ ಹೋಮ್‌ಸ್ಟೇ ಬುಕಿಂಗ್ ಆಫೀಸು. ನಾಲ್ಕು ವರ್ಷ ನಮ್ಮಲ್ಲಿದ್ದ ಹುಡುಗ ಕೆಲಸ ಬಿಟ್ಟು ಎರಡು ಬೀದಿ ಆಚೆ ತಾನೇ ಆಫೀಸು ಮಾಡಿದ್ದಾನೆ. ನಮ್ಮ ಕಸ್ಟಮರ್‌ಗಳಿಗೇ ಫೋನ್ ಮಾಡುತ್ತಿದ್ದಾನೆ. ಬಿಡುವ ಹಿಂದಿನ ರಾತ್ರಿ ಎಕ್ಸೆಲ್ ಲಿಸ್ಟನ್ನು ತನ್ನ ಇಮೇಲ್‌ಗೆ ಕಳಿಸಿಕೊಂಡಿದ್ದು ಆಫೀಸಿನ ಮೇಲ್‌ನಲ್ಲಿ ಕಾಣುತ್ತಿದೆ. ಪೊಲೀಸ್ ಕಂಪ್ಲೇಂಟ್ ಕೊಡಬಹುದಾ, ಕೇಸ್ ಹಾಕಬಹುದಾ? ಅಪಾಯಿಂಟ್‌ಮೆಂಟ್ ಲೆಟರ್ ಅರ್ಧ ಪುಟ, ಅದರಲ್ಲಿ ಡೇಟಾ ಬಗ್ಗೆ ಏನೂ ಬರೆದಿಲ್ಲ.
— ಹೆಸರು ಬೇಡ, ಚಿಕ್ಕಮಗಳೂರು

ಎರಡೂ ಮಾಡಬಹುದು. ಲೆಟರ್‌ನಲ್ಲಿ ಬರೆದಿಲ್ಲ ಅನ್ನುವುದು ನಿಮ್ಮನ್ನು ಅಷ್ಟೇನೂ ತಡೆಯುವುದಿಲ್ಲ. ಆದರೆ ಆ ಹುಡುಗನ ಆಫೀಸಿನ ಬಾಗಿಲು ಹಾಕಿಸಬೇಕು ಅನ್ನುವುದು ನಿಮ್ಮ ಮನಸ್ಸಿನಲ್ಲಿದ್ದರೆ ಅದು ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಕೆಲಸ ಬಿಟ್ಟ ಮೇಲೆ ಇದೇ ವ್ಯಾಪಾರ ಮಾಡಬಾರದು ಅಂತ ಬರೆಸಿಕೊಂಡಿದ್ದರೂ, ಕಾಂಟ್ರಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಆ ಮಾತಿಗೆ ಬೆಲೆ ಇಲ್ಲ. ನೀವು ತಡೆಯಬಹುದಾದದ್ದು ಫೈಲನ್ನು. ಅವನ ತಲೆಯಲ್ಲಿರುವುದನ್ನು ತಡೆಯಲಾಗದು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್‌ನಲ್ಲಿ, ಕಂಪ್ಯೂಟರ್ ಯಾರದೋ ಅವರ ಅನುಮತಿ ಇಲ್ಲದೆ ಡೇಟಾ ಕಾಪಿ ಮಾಡಿಕೊಂಡರೆ ಪರಿಹಾರ ಕೊಡಬೇಕು ಅಂತಿದೆ. ಅದೇ ಕೆಲಸವನ್ನು ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಬರುತ್ತದೆ. ಅದರಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅವನ ವಕೀಲರು ಮೊದಲು ಹೇಳುವುದೇ ಇದು: 'ಅವನ ಕೆಲಸವೇ ಆ ಲಿಸ್ಟ್ ನೋಡುವುದಾಗಿತ್ತು, ಪಾಸ್‌ವರ್ಡ್ ನೀವೇ ಕೊಟ್ಟಿದ್ರಲ್ಲ, ಅನುಮತಿ ಇಲ್ಲ ಅಂತ ಹೇಗೆ ಹೇಳ್ತೀರಿ?' ಇಲ್ಲಿ ನಿಮಗೆ ಸಹಾಯಕ್ಕೆ ಬರುವುದು ಆ ರಾತ್ರಿ. ಲಿಸ್ಟ್ ನೋಡಿ ಬುಕಿಂಗ್ ಮಾಡು ಅಂತ ಕೊಟ್ಟ ಅನುಮತಿ ಒಂದು, ಮನೆಗೆ ಕಳಿಸಿಕೋ ಅನ್ನುವ ಅನುಮತಿ ಇನ್ನೊಂದು. ರಾಜೀನಾಮೆ ಕೊಟ್ಟಾಗಿದೆ, ನಾಳೆ ಕೊನೆಯ ದಿನ, ಇವತ್ತು ರಾತ್ರಿ ಇಡೀ ಲಿಸ್ಟ್ ಸ್ವಂತ ಮೇಲ್‌ಗೆ ಹೋಗುತ್ತದೆ. ಅದಕ್ಕೆ ಆಫೀಸ್ ಕೆಲಸದ ಕಾರಣ ಏನು ಹೇಳ್ತಾನೆ? ನಾಲ್ಕು ತಿಂಗಳ ಹಿಂದೆ ಮನೆಯಿಂದ ಕೆಲಸ ಮಾಡಲು ಕಳಿಸಿಕೊಂಡಿದ್ದರೆ ನಿಮ್ಮ ಕಡೆ ಇಷ್ಟು ಬಲ ಇರುತ್ತಿರಲಿಲ್ಲ.

ಇನ್ನೊಂದು ಅನುಮಾನವನ್ನೂ ಈಗಲೇ ಕಳೆದುಕೊಳ್ಳಬೇಕು: ಅದೇ ಫೈಲನ್ನು ಅವನು ಬಳಸುತ್ತಿದ್ದಾನೆ ಅಂತ ಗೊತ್ತಾಗುವುದು ಹೇಗೆ? ಪದೇಪದೇ ಬರುವ ಬೆಂಗಳೂರಿನ ಹತ್ತು ಕುಟುಂಬದವರ ನಂಬರ್ ಅವನ ಫೋನಿನಲ್ಲೇ ಇರಬಹುದು, ಅವರೇ ಅವನನ್ನು ಹುಡುಕಿಕೊಂಡು ಹೋಗಿರಬಹುದು. 2006ರಲ್ಲಿ ದೆಹಲಿ ಹೈಕೋರ್ಟ್ ಒಂದು ಬ್ಯಾಂಕಿನ ಕೇಸಿನಲ್ಲಿ ಹಾಗೇ ಹೇಳಿತ್ತು. ಗ್ರಾಹಕರ ಹೆಸರು, ಫೋನ್ ನಂಬರ್ ಅಂಥ ಗುಟ್ಟೇನಲ್ಲ, ಗುಟ್ಟಿನ ಹೆಸರಿನಲ್ಲಿ ಕೆಲಸ ಬಿಟ್ಟವರ ಅನ್ನ ತಡೆಯಬಾರದು ಅಂತ. ಅದೇ ಹೈಕೋರ್ಟ್ 1995ರಲ್ಲಿ, ಮನೆಗೇ ಸಾಮಾನು ಕಳಿಸುವ ಕಂಪನಿಯೊಂದು ದುಡ್ಡು ಶ್ರಮ ಹಾಕಿ ಮಾಡಿದ್ದ ಗ್ರಾಹಕರ ಪಟ್ಟಿ ಕಾಪಿರೈಟ್ ಇರುವ ಕೃತಿ ಅಂತ ಒಪ್ಪಿ, ಕೆಲಸ ಬಿಟ್ಟವನಿಗೆ ತಡೆಯಾಜ್ಞೆ ಕೊಟ್ಟಿತ್ತು. ಮೊದಲನೆಯದನ್ನು ಅವನು ಹಿಡಿದುಕೊಳ್ಳುತ್ತಾನೆ, ಎರಡನೆಯದನ್ನು ನೀವು. ಹಾಗಾಗಿ ನಿಮ್ಮ ಎಕ್ಸೆಲ್‌ನಲ್ಲಿ ನಂಬರ್ ಜೊತೆ ಇನ್ನೇನಿದೆ ನೋಡಿ. ಯಾರಿಗೆ ಕಾಫಿ ತೋಟದ ನಡುವಿನ ಮನೆಯೇ ಬೇಕು, ಯಾರು ಡಿಸೆಂಬರ್ ಕೊನೆ ವಾರ ಬರ್ತಾರೆ, ಎಷ್ಟು ಕೊಡ್ತಾರೆ, ಯಾರ ಮನೆಯಲ್ಲಿ ಮೆಟ್ಟಿಲು ಹತ್ತಲಾಗದ ಅಜ್ಜಿ ಇದ್ದಾರೆ. ಇಂಥದ್ದೆಲ್ಲ ಇದ್ದರೆ ಅದು ನೀವು ಕಟ್ಟಿದ ಪಟ್ಟಿ.

ಇದನ್ನು ನಾನು ನನ್ನ ಕೈಸುಟ್ಟು ಕಲಿತೆ. ನಮ್ಮಲ್ಲಿ ಜಾಹೀರಾತು ನೋಡಿಕೊಳ್ಳುತ್ತಿದ್ದವರೊಬ್ಬರು ಬಿಟ್ಟುಹೋದ ಮೇಲೆ ನಮ್ಮ ಚಂದಾದಾರರಿಗೆ ಬೇರೆ ಕಡೆಯಿಂದ ಪತ್ರ ಬರತೊಡಗಿದವು. ನಮ್ಮ ಲಿಸ್ಟಿನಲ್ಲಿ ಮೂರು ಸುಳ್ಳು ಹೆಸರಿದ್ದವು. ಹಳೆಯ ಮ್ಯಾನೇಜರ್ ಒಬ್ಬರು ಹಾಕಿಟ್ಟಿದ್ದು, ಒಂದು ನನ್ನ ಅತ್ತಿಗೆಯ ತವರುಮನೆ ವಿಳಾಸ, ಹೆಸರಿನ ಕಾಗುಣಿತ ಬೇಕಂತಲೇ ತಪ್ಪು. ಆ ತಪ್ಪು ಕಾಗುಣಿತದೊಂದಿಗೇ ಕವರ್ ಆ ಮನೆಗೆ ಬಂತು. ಅದಾದ ಮೇಲೆ ಆ ಕಡೆಯವರು ಜಾಸ್ತಿ ಮಾತಾಡಲಿಲ್ಲ, ನೋಟಿಸಿನಲ್ಲೇ ಮುಗಿಯಿತು. ನಿಮ್ಮ ಲಿಸ್ಟಿನಲ್ಲೂ ಅಂಥ ಹಳೆಯ ತಪ್ಪುಗಳು ಇದ್ದೇ ಇರುತ್ತವೆ, ಹುಡುಕಿ. ತಪ್ಪಾಗಿ ಬರೆದ ಹೆಸರಿಗೇ ಅವನ ವಾಟ್ಸಾಪ್ ಮೆಸೇಜ್ ಹೋಗಿದ್ದರೆ ಆ ಕಸ್ಟಮರ್ ಹತ್ತಿರ ಸ್ಕ್ರೀನ್‌ಶಾಟ್ ತಗೊಳ್ಳಿ.

ಈಗ ಸಾಕ್ಷಿ. ಆಫೀಸಿನ ಆ ಕಂಪ್ಯೂಟರನ್ನು ಹೊಸ ಹುಡುಗನಿಗೆ ಕೊಡಬೇಡಿ, ಫಾರ್ಮ್ಯಾಟ್ ಅಂತೂ ಮಾಡಲೇಬೇಡಿ. ಸೆಂಟ್ ಮೇಲನ್ನು ಯಾರಿಗೂ ಫಾರ್ವರ್ಡ್ ಮಾಡದೆ ಇದ್ದಂತೆಯೇ ಡೌನ್‌ಲೋಡ್ ಮಾಡಿಡಿ, ಸಮಯ ತಾರೀಖು ಅದರಲ್ಲೇ ಉಳಿಯುತ್ತದೆ. ಬರೀ ಪ್ರಿಂಟ್ ತೆಗೆದು ಕೋರ್ಟಿಗೆ ಕೊಟ್ಟರೆ ನಡೆಯುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಬೇಕು, ಅದರಲ್ಲಿ ಎರಡು ಭಾಗ. ಒಂದಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು, ಫೈಲು ಬದಲಾಗಿಲ್ಲ ಅಂತ ತೋರಿಸುವ ಹ್ಯಾಶ್ ಸಂಖ್ಯೆ ಸಮೇತ. ಮತ್ತೊಂದು ಮಾತು, ಇದನ್ನು ಬಹಳ ಜನ ಮಾಡಿಕೊಳ್ಳುತ್ತಾರೆ: ಅವನ ಜಿಮೇಲ್ ಆಫೀಸಿನ ಬ್ರೌಸರಿನಲ್ಲಿ ಲಾಗಿನ್ ಆಗೇ ಉಳಿದಿದ್ದರೆ ಒಳಗೆ ಇಣುಕಬೇಡಿ. ಇಣುಕಿದರೆ ಅದೇ 43, ಅದೇ 66, ಆದರೆ ಆರೋಪಿ ನೀವು.

ಪೊಲೀಸ್ ಕಂಪ್ಲೇಂಟನ್ನು ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆಗೆ ಕೊಡಿ. ಈ ಕಾಯ್ದೆಯ ಅಪರಾಧದ ತನಿಖೆ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಸುಮ್ನೆ 'ನಮ್ಮ ಡೇಟಾ ಕದ್ದ' ಅಂತ ಬರೆದರೆ 'ಇದು ಸಿವಿಲ್ ಸ್ವರೂಪದ್ದು, ಕೋರ್ಟಿಗೆ ಹೋಗಿ' ಅನ್ನುವ ಹಿಂಬರಹ ಸಿಗುವ ಸಾಧ್ಯತೆಯೇ ಹೆಚ್ಚು. ಯಾವ ಫೈಲು, ಎಷ್ಟು ಹೆಸರು, ಯಾವ ರಾತ್ರಿ ಎಷ್ಟು ಗಂಟೆಗೆ, ಯಾವ ಮೇಲ್‌ನಿಂದ ಯಾವ ಮೇಲ್‌ಗೆ, ರಾಜೀನಾಮೆ ಯಾವಾಗ, ಯಾರ್ಯಾರಿಗೆ ಫೋನ್ ಬಂತು. ಇಷ್ಟು ಬರೆಯಿರಿ. ತೆಗೆದುಕೊಳ್ಳದಿದ್ದರೆ ಎಸ್ಪಿಗೆ ಲಿಖಿತವಾಗಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಭಾರ ಇರಲಿ ಅಂತ ನಂಬಿಕೆದ್ರೋಹ, ವಂಚನೆ ಎಲ್ಲ ಸೇರಿಸಿ ಅಂತ ಕೆಲವರು ಹೇಳ್ತಾರೆ. ಇಂಥದ್ದೇ ಪ್ರಕರಣದಲ್ಲಿ 2018ರಲ್ಲಿ ಬಾಂಬೆ ಹೈಕೋರ್ಟ್ ಆ ಐಪಿಸಿ ಸೆಕ್ಷನ್‌ಗಳನ್ನು ಕಿತ್ತುಹಾಕಿ ಐಟಿ ಕಾಯ್ದೆಯದ್ದನ್ನು ಮಾತ್ರ ಉಳಿಸಿತು. ನಮ್ಮ ಹೈಕೋರ್ಟ್ ಅದನ್ನೇ ಅನುಸರಿಸಬೇಕೆಂದೇನಿಲ್ಲ, ಆದರೂ 66 ನಿಮ್ಮ ಗಟ್ಟಿ ನೆಲ. ಅದು ಜಾಮೀನು ಸಿಗುವ ಅಪರಾಧ, ಅವನನ್ನು ತಿಂಗಳುಗಟ್ಟಲೆ ಒಳಗಿಡಿಸುವ ಲೆಕ್ಕ ಇದ್ದರೆ ಬಿಡಿ.

ನನ್ನನ್ನು ಕೇಳಿದರೆ ನಿಮ್ಮ ಡಿಸೆಂಬರ್ ಸೀಸನ್ ಉಳಿಸುವುದು ಪೊಲೀಸ್ ಕೇಸಲ್ಲ, ಜಿಲ್ಲಾ ಕೋರ್ಟಿನ ತಡೆಯಾಜ್ಞೆ. ಪಟ್ಟಿಯ ಕಾಪಿರೈಟ್ ನಿಮ್ಮದು, ಕೆಲಸದವನು ಕೆಲಸದ ಭಾಗವಾಗಿ ಮಾಡಿದ್ದು ಕೆಲಸ ಕೊಟ್ಟವರದ್ದೇ. ಆ ಫೈಲ್ ಬಳಸಬಾರದು, ಇನ್ನೊಬ್ಬರಿಗೆ ಕೊಡಬಾರದು ಅಂತ ದಾವೆಯಲ್ಲಿ ಕೇಳಿ. ಅಳಿಸಿಬಿಡುತ್ತಾನೆ ಅನ್ನುವ ಭಯವಿದ್ದರೆ ಅವನ ಕಂಪ್ಯೂಟರಿನ ಪ್ರತಿ ತೆಗೆಯಲು ಕೋರ್ಟ್ ಕಮಿಷನರ್ ನೇಮಿಸಿ ಅಂತಲೂ ಅರ್ಜಿ ಹಾಕಬಹುದು. ಆಗ ಮೊದಲು ಲಾಯರ್ ನೋಟಿಸ್ ಕಳಿಸಬೇಡಿ, ಅದು ಅಳಿಸು ಅಂತ ಹೇಳಿಕೊಟ್ಟಂತೆ. ಆದರೆ ಮೇಲ್ ಸಿಕ್ಕಿ ಮೂರು ತಿಂಗಳು ಸುಮ್ಮನೆ ಕೂತು ಆಮೇಲೆ ತುರ್ತು ಅಂದರೆ ನ್ಯಾಯಾಧೀಶರು ಏನು ತುರ್ತು ಅಂತ ಕೇಳುತ್ತಾರೆ. ಅದಕ್ಕೇ ಈ ವಾರವೇ ವಕೀಲರನ್ನು ನೋಡಿ.

ದುಡ್ಡಿನ ಪರಿಹಾರ ಬೇಕಿದ್ದರೆ ದಾರಿ ಬೇರೆ. ಐದು ಕೋಟಿವರೆಗಿನ ಬೇಡಿಕೆಯನ್ನು ಐಟಿ ಕಾಯ್ದೆಯ ನ್ಯಾಯನಿರ್ಣಯ ಅಧಿಕಾರಿ, ಅಂದರೆ ಬೆಂಗಳೂರಿನಲ್ಲಿರುವ ರಾಜ್ಯದ ಐಟಿ ಇಲಾಖೆ ಕಾರ್ಯದರ್ಶಿ, ಕೇಳುತ್ತಾರೆ. ಅಲ್ಲಿ ಮೋಸದ ಉದ್ದೇಶ ಸಾಬೀತು ಮಾಡಬೇಕಿಲ್ಲ, ಅನುಮತಿ ಇಲ್ಲದೆ ಕಾಪಿ ಆಯಿತು ಅನ್ನುವುದು ಸಾಕು. ಎಷ್ಟು ನಷ್ಟ ಅಂತ ಮಾತ್ರ ತೋರಿಸಬೇಕು. ಹೋದ ವರ್ಷ ಬಂದು ಈ ವರ್ಷ ಅವನ ಕಡೆ ಬುಕ್ ಮಾಡಿದವರ ಹೆಸರು, ಬಿಲ್ಲಿನ ಮೊತ್ತ, ಅದರಲ್ಲಿ ನಿಮ್ಮ ಕಮಿಷನ್ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಕೋಪದಲ್ಲಿ ಇಡೀ ಸೀಸನ್ನಿನ ವ್ಯಾಪಾರ ಬರೆಯಬೇಡಿ, ಮಳೆಗೆ ಕ್ಯಾನ್ಸಲ್ ಆದದ್ದನ್ನೂ ಅವನ ತಲೆಗೆ ಕಟ್ಟಿದರೆ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ಹಾಗೆಯೇ ಅವನ ಕೊನೆಯ ತಿಂಗಳ ಸಂಬಳ ಹಿಡಿದಿಟ್ಟಿದ್ದರೆ ಕೊಟ್ಟುಬಿಡಿ, ಇಲ್ಲದಿದ್ದರೆ ಕೋರ್ಟಿನಲ್ಲಿ ಮೊದಲು ಕೇಳಿಸುವುದು ಅದೇ.