ಉದ್ದ ಬ್ಯಾರೆಲ್‌ನ ಲಾಭ ಎಲ್ಲಿಂದ ಎಲ್ಲಿಯವರೆಗೆ?

ಪ್ರಶ್ನೆ: ನಾನು ಮಂಡ್ಯದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಕಾಲ್ ಆಫ್ ಡ್ಯೂಟಿ ಮೊಬೈಲ್ ಎಂಬ ಗುಂಡಿನ ಕಾಳಗದ ಆಟದಲ್ಲಿ ಎಂ4 ಗನ್ನಿಗೆ ಉದ್ದದ ಬ್ಯಾರೆಲ್, ಮೋನೊಲಿಥಿಕ್ ಸಪ್ರೆಸರ್, ಫೋರ್‌ಗ್ರಿಪ್, ದೊಡ್ಡ ಮ್ಯಾಗಜಿನ್ ಮತ್ತು ಗ್ರಾನ್ಯುಲೇಟೆಡ್ ಗ್ರಿಪ್ ಟೇಪ್ ಹಾಕಿಕೊಂಡಿದ್ದೇನೆ. ದೂರದಲ್ಲಿದ್ದವರು ಸುಲಭವಾಗಿ ಬೀಳುತ್ತಾರೆ. ಆದರೆ ಶನಿವಾರ ಮೈಸೂರಿನ ಗೆಳೆಯರ ಜೊತೆ ಹಾರ್ಡ್‌ಪಾಯಿಂಟ್ ಆಡುವಾಗ ಮೂಲೆ ತಿರುಗಿದ ತಕ್ಷಣ ನಾನೇ ಸಾಯುತ್ತೇನೆ. ಇದರಲ್ಲಿ ಯಾವುದನ್ನು ತೆಗೆದು ಯಾವುದನ್ನು ಉಳಿಸಿಕೊಳ್ಳಲಿ?

ಉತ್ತರ: ಮೊದಲು ಸಪ್ರೆಸರ್ ಮತ್ತು ಫೋರ್‌ಗ್ರಿಪ್ ತೆಗೆಯಿರಿ, ಬ್ಯಾರೆಲ್ ಮತ್ತು ಗ್ರಿಪ್ ಟೇಪ್ ಇರಲಿ, ಮ್ಯಾಗಜಿನ್ ವಿಷಯವನ್ನು ನಿಮ್ಮ ಗುಂಡುಗಳ ಲೆಕ್ಕ ನೋಡಿದ ಮೇಲೆ ತೀರ್ಮಾನಿಸಿ. ಹೀಗೆ ಹೇಳುವುದಕ್ಕೆ ಕಾರಣವೇನೆಂದರೆ, ಈಗ ನೀವು ಹಾಕಿಕೊಂಡಿರುವ ಐದರಲ್ಲಿ ನಾಲ್ಕು ಅಟ್ಯಾಚ್‌ಮೆಂಟ್‌ಗಳು ಒಂದೇ ಕಡೆಯಿಂದ, ಅಂದರೆ ಎಡಿಎಸ್ ಸಮಯದಿಂದ, ತಮ್ಮ ಬೆಲೆಯನ್ನು ವಸೂಲು ಮಾಡುತ್ತಿವೆ. ಗುರಿ ಹಿಡಿಯುವ ಗುಂಡಿ ಒತ್ತಿದಾಗಿನಿಂದ ಗನ್ ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲುವವರೆಗೆ ಹಿಡಿಯುವ ಹೊತ್ತೇ ಈ ಎಡಿಎಸ್ ಸಮಯ. ಅಟ್ಯಾಚ್‌ಮೆಂಟ್ ಜೋಡಿಸುವ ಗನ್‌ಸ್ಮಿತ್ ಪರದೆಯ ವಿವರಗಳ ಪಟ್ಟಿಯಲ್ಲಿ ಅದನ್ನು ಮಿಲಿಸೆಕೆಂಡುಗಳಲ್ಲಿ ತೋರಿಸುತ್ತಾರೆ. ಒಂದೊಂದನ್ನೇ ಸೇರಿಸುವಾಗ ಅಂಕಿ ಸ್ವಲ್ಪವೇ ಏರುವುದರಿಂದ ಯಾರೂ ಅದರ ಕಡೆ ನೋಡುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಪ್ರತಿ ಸೀಸನ್‌ನ ಅಪ್‌ಡೇಟ್‌ನೊಂದಿಗೆ ಬದಲಾಗುವುದರಿಂದ ಇಲ್ಲಿ ನಾನೇ ಸುಲಭವಾದ ಅಂಕಿಗಳನ್ನು ಇಟ್ಟುಕೊಳ್ಳುತ್ತೇನೆ. ನೀವು ನಿಮ್ಮ ಗನ್ನಿನ ಅಂಕಿಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬಹುದು. ಮಲ್ಟಿಪ್ಲೇಯರ್‌ನಲ್ಲಿ ಎದುರಾಳಿಯ ಜೀವ 100. ನಮ್ಮ ಗನ್ ನಿಮಿಷಕ್ಕೆ 750 ಗುಂಡು ಹಾರಿಸುತ್ತದೆ ಎಂದಿಟ್ಟುಕೊಂಡರೆ ಎರಡು ಗುಂಡುಗಳ ನಡುವಿನ ಅಂತರ 80 ಮಿಲಿಸೆಕೆಂಡ್. 20 ಮೀಟರಿನವರೆಗೆ ನಾಲ್ಕು ಗುಂಡು ತಾಗಿದರೆ ಎದುರಾಳಿ ಬೀಳುತ್ತಾನೆ, ಅದರಾಚೆಗೆ ಐದು ಬೇಕು. ಮೊದಲ ಗುಂಡಿಗೆ ಕಾಯಬೇಕಿಲ್ಲವಾದ್ದರಿಂದ ನಾಲ್ಕು ಗುಂಡಿಗೆ ಮೂರು ಅಂತರ, ಅಂದರೆ 240. ಐದು ಗುಂಡಿಗೆ 320. ಏನೂ ಹಾಕದ ಗನ್ನಿನ ಎಡಿಎಸ್ ಸಮಯ 250 ಇರಲಿ. ಅದರ ಮೇಲೆ ಬ್ಯಾರೆಲ್ 30, ಸಪ್ರೆಸರ್ 20, ಫೋರ್‌ಗ್ರಿಪ್ 10, ಮ್ಯಾಗಜಿನ್ 20 ಸೇರಿಸಿ ಅದನ್ನು 330ಕ್ಕೆ ತಂದಿವೆ. ಇದಕ್ಕೆ ಪ್ರತಿಫಲವಾಗಿ ನಾಲ್ಕು ಗುಂಡಿನ ಗಡಿಯನ್ನು ಬ್ಯಾರೆಲ್ 24 ಮೀಟರಿಗೂ, ಸಪ್ರೆಸರ್ ಅದನ್ನು 26ಕ್ಕೂ ತಳ್ಳಿವೆ ಎಂದು ಊಹಿಸಿ.

ಮೂಲೆ ತಿರುಗಿದಾಗ ಎದುರಾಳಿ 10 ಮೀಟರಿನಲ್ಲಿ ಸಿಕ್ಕಿದರೆ ಏನಾಗುತ್ತದೆ? ಬರಿಯ ಗನ್ನಿಗೆ 250 ಮತ್ತು 240 ಸೇರಿ 490 ಮಿಲಿಸೆಕೆಂಡ್ ಸಾಕು. ನಿಮ್ಮದಕ್ಕೆ 570 ಬೇಕು. ಉದ್ದದ ಬ್ಯಾರೆಲ್ ಇಲ್ಲಿ ಏನನ್ನೂ ಕೊಡಲಿಲ್ಲ, ಏಕೆಂದರೆ ಆ ದೂರದಲ್ಲಿ ಇಬ್ಬರಿಗೂ ನಾಲ್ಕೇ ಗುಂಡು. ನೀವು ಕಳೆದುಕೊಂಡ 80 ಮಿಲಿಸೆಕೆಂಡ್ ಎಂದರೆ ಎದುರಾಳಿಯ ಒಂದು ಇಡೀ ಗುಂಡು.

ನನಗೆ ಇದಕ್ಕಿಂತ ಸ್ವಾರಸ್ಯಕರವಾಗಿ ಕಾಣುವುದು 23 ಮೀಟರಿನ ಪ್ರಸಂಗ. ನಿಮ್ಮ ಬ್ಯಾರೆಲ್ ಮತ್ತು ಸಪ್ರೆಸರ್ ನಿಜವಾಗಿ ಕೆಲಸ ಮಾಡಬೇಕಾದ ದೂರ ಅದೇ. ಅಲ್ಲಿ ಬರಿಯ ಗನ್ನಿಗೆ 250 ಮತ್ತು 320, ಒಟ್ಟು 570. ನಿಮ್ಮದಕ್ಕೆ 330 ಮತ್ತು 240, ಅದೂ 570. ಗನ್ನನ್ನು ಹೊಸದಾಗಿ ಎತ್ತಬೇಕಾದ ಸಂದರ್ಭದಲ್ಲಿ, ಗೆಲ್ಲಬೇಕಾದ ದೂರದಲ್ಲೂ ನಿಮಗೆ ಸಮಬಲವಷ್ಟೇ ದಕ್ಕುತ್ತದೆ. 26 ಮೀಟರ್ ದಾಟಿದರೆ ಇಬ್ಬರಿಗೂ ಐದು ಗುಂಡು, ಮತ್ತೆ ನೀವೇ 80 ಹಿಂದೆ. ಆದರೆ ದೂರದವರು ಸುಲಭವಾಗಿ ಬೀಳುತ್ತಾರೆ ಎಂಬ ನಿಮ್ಮ ಅನುಭವವೂ ಸುಳ್ಳಲ್ಲ. ದೂರದವರನ್ನು ಹೊಡೆಯುವಾಗ ನೀವು ಬಹುಶಃ ಕಿಟಕಿಯಲ್ಲೋ ಗೋಡೆಯ ಮರೆಯಲ್ಲೋ ನಿಂತು ಮೊದಲೇ ಗುರಿ ಹಿಡಿದು ಕಾಯುತ್ತಿರುತ್ತೀರಿ. ಆಗ ಎಡಿಎಸ್ ಸಮಯದ ಬೆಲೆ ಸೊನ್ನೆ. ಉಳಿಯುವುದು 320ರ ಎದುರು 240 ಎಂಬ ಶುದ್ಧ ಲಾಭ.

ಹಾಗಾಗಿ ಆಟದ ಶೈಲಿ ಎಂದು ಎಲ್ಲರೂ ಹೇಳುವುದನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಎದುರಾಳಿ ಕಾಣಿಸಿದ ಕ್ಷಣದಲ್ಲಿ ನಿಮ್ಮ ಗನ್ ಆಗಲೇ ಎತ್ತಿತ್ತೇ, ಇಲ್ಲವೇ? ಹತ್ತರಲ್ಲಿ ಏಳು ಸಲ ಎತ್ತಿರುತ್ತದೆ ಎನ್ನುವವರಿಗೆ ನಿಮ್ಮ ಈಗಿನ ಲೋಡ್‌ಔಟ್, ಅಂದರೆ ಈ ಐದರ ಜೋಡಣೆ, ಒಳ್ಳೆಯದೇ. ಹಾರ್ಡ್‌ಪಾಯಿಂಟ್‌ನಲ್ಲಿ ಹಿಡಿಯಬೇಕಾದ ಜಾಗ ಆಗಾಗ ಬದಲಾಗುವುದರಿಂದ ಓಡುತ್ತಲೇ ಇರಬೇಕಾಗುತ್ತದೆ, ಓಡುವವನ ಗನ್ ಎತ್ತಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಂದೇ ಒತ್ತಿಗೆ ಗುರಿ ಹಿಡಿದು ಗುಂಡು ಹಾರಿಸುವ ಆಯ್ಕೆ ಇಟ್ಟುಕೊಂಡಿದ್ದರಂತೂ ಮೂರು ಮೀಟರಿನ ಎದುರಾಳಿಗೂ ನೀವು ಈ ಬೆಲೆ ತೆರುತ್ತೀರಿ. ಅಷ್ಟು ಹತ್ತಿರಕ್ಕೆ ಗುರಿ ಹಿಡಿಯದೆ ಸೊಂಟದಿಂದಲೇ ಹಾರಿಸುವ ಗುಂಡಿಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಈಗ ಒಂದೊಂದನ್ನೇ ತೂಗಿ ನೋಡಬಹುದು. ಬ್ಯಾರೆಲ್ 30 ಕೇಳಿ 20ರಿಂದ 24 ಮೀಟರಿನವರೆಗೆ 80 ಉಳಿಸುತ್ತದೆ, ಆದ್ದರಿಂದ ಮಧ್ಯಮ ದೂರದ ಜಗಳಗಳು ಹೆಚ್ಚಿರುವ ಫೈರಿಂಗ್ ರೇಂಜ್‌ನಂಥ ಮ್ಯಾಪ್‌ನಲ್ಲಿ ಅದನ್ನು ಉಳಿಸಿಕೊಳ್ಳಬಹುದು. ಸಪ್ರೆಸರ್ ಮತ್ತೆ 20 ಕೇಳಿ ಕೊಡುವುದು ಇನ್ನೆರಡೇ ಮೀಟರ್. ಗುಂಡು ಹಾರಿಸಿದಾಗ ಎದುರಾಳಿಗಳ ಮಿನಿಮ್ಯಾಪ್‌ನಲ್ಲಿ ನಿಮ್ಮ ಕೆಂಪು ಚುಕ್ಕೆ ಮೂಡದಂತೆ ತಡೆಯುವುದು ಅದರ ಇನ್ನೊಂದು ಗುಣ, ಮತ್ತು ಸತ್ತವರು ಆ ಸುತ್ತಿನಲ್ಲಿ ಮತ್ತೆ ಹುಟ್ಟದ ಸರ್ಚ್ ಅಂಡ್ ಡಿಸ್ಟ್ರಾಯ್‌ನಲ್ಲಿ ಆ ಗುಣಕ್ಕಾಗಿಯೇ ಅದನ್ನು ಹಾಕಿಕೊಳ್ಳಬೇಕು. ಹಾರ್ಡ್‌ಪಾಯಿಂಟ್‌ನಲ್ಲಿ ನೀವು ಎಲ್ಲಿದ್ದೀರಿ ಎಂಬುದು ಎದುರಾಳಿಗಳಿಗೆ ಹೇಗೂ ಗೊತ್ತು, ಏಕೆಂದರೆ ಅವರೂ ಅಲ್ಲಿಗೇ ಬರುತ್ತಿದ್ದಾರೆ.

ಫೋರ್‌ಗ್ರಿಪ್ ವಿಷಯಕ್ಕೆ ಸ್ವಲ್ಪ ತಾಳ್ಮೆ ಬೇಕು. ಗುರಿಗೆ ಇಟ್ಟ ಗುಂಡು ತಪ್ಪಿಹೋಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಗನ್ ಮೇಲಕ್ಕೆ ಎಗರುವುದು ಒಂದು, ಅದು ರಿಕಾಯಿಲ್. ಫೋರ್‌ಗ್ರಿಪ್ ತಗ್ಗಿಸುವುದು ಇದನ್ನೇ. ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಹೆಬ್ಬೆರಳನ್ನು ಕೆಳಗೆಳೆದು ಅದನ್ನು ತಡೆಯಲು ಕಲಿಯಬಹುದು. ಗುರಿಯ ಚುಕ್ಕೆ ಸರಿಯಾಗಿಯೇ ಇದ್ದರೂ ಗುಂಡು ಅದರ ಸುತ್ತ ಎಲ್ಲೋ ಹೋಗಿ ಬೀಳುವುದು ಇನ್ನೊಂದು, ಅದು ಬುಲೆಟ್ ಸ್ಪ್ರೆಡ್. ಅದು ಯಾದೃಚ್ಛಿಕವಾದ್ದರಿಂದ ಯಾವ ಹೆಬ್ಬೆರಳೂ ಅದನ್ನು ತಿದ್ದಲಾರದು. ಹೆಬ್ಬೆರಳು ಪುಕ್ಕಟೆಯಾಗಿ ಮಾಡಬಹುದಾದ ಕೆಲಸಕ್ಕೆ ಐದರಲ್ಲಿ ಒಂದು ಜಾಗವನ್ನು ಕೊಡುವುದು ದುಬಾರಿ ಎಂಬುದು ನನ್ನ ಅಭಿಪ್ರಾಯ. ಯಾವುದು ನಿಮ್ಮ ತೊಂದರೆ ಎಂದು ತಿಳಿಯಲು ಅಭ್ಯಾಸದ ಮ್ಯಾಪ್‌ನಲ್ಲಿ ಗೋಡೆಯ ಒಂದೇ ಬಿಂದುವಿಗೆ ಎರಡು ಮ್ಯಾಗಜಿನ್ ಖಾಲಿ ಮಾಡಿ: ಮೊದಲನೆಯದನ್ನು ಬೆರಳಾಡಿಸದೆ, ಎರಡನೆಯದನ್ನು ಕೆಳಗೆಳೆಯುತ್ತಾ. ಎರಡನೆಯ ಸಲವೂ ತೂತುಗಳು ಮೇಲಕ್ಕೆ ಏಣಿಯಂತೆ ಹೋಗಿದ್ದರೆ ಫೋರ್‌ಗ್ರಿಪ್ ಕೆಲವು ವಾರ ಇರಲಿ. ಏಣಿ ಹೋಗಿ, ಬಿಂದುವಿನ ಸುತ್ತ ಗುಂಪು ಮಾತ್ರ ಉಳಿದಿದ್ದರೆ ಅದು ಸ್ಪ್ರೆಡ್, ಅದಕ್ಕೆ ಮದ್ದು ನಿಮ್ಮ ಬಳಿ ಈಗಾಗಲೇ ಇರುವ ಗ್ರಾನ್ಯುಲೇಟೆಡ್ ಗ್ರಿಪ್ ಟೇಪ್ ಮತ್ತು ಟ್ಯಾಕ್ಟಿಕಲ್ ಲೇಸರ್. ಈ ಲೇಸರ್ ಸ್ಪ್ರೆಡ್ ಅನ್ನೂ ಎಡಿಎಸ್ ಸಮಯವನ್ನೂ ಕಡಿಮೆ ಮಾಡುತ್ತದೆ. ಗುರಿ ಹಿಡಿದಾಗ ಅದರ ಗೆರೆ ಎದುರಾಳಿಗೆ ಕಾಣುತ್ತದೆ ಎಂಬುದೇ ಬೆಲೆ. ಮೂಲೆಯಲ್ಲಿ ಹೊಂಚು ಹಾಕುವವನಿಗೆ ಅದು ದೊಡ್ಡ ಬೆಲೆ, ಓಡಿಬಂದು ಗನ್ನೆತ್ತುವವನಿಗೆ ಅಷ್ಟೇನಲ್ಲ.

ಮ್ಯಾಗಜಿನ್‌ಗೆ ನಿಮ್ಮ ಗುರಿಯೇ ಉತ್ತರ ಹೇಳಬೇಕು. ಹಾರಿಸಿದ ಎರಡರಲ್ಲಿ ಒಂದು ಗುಂಡು ತಾಗಿದರೆ ಒಬ್ಬನಿಗೆ ಎಂಟು ಗುಂಡು, 30ರಲ್ಲಿ ಮೂವರು ಬಿದ್ದು ಆರು ಉಳಿಯುತ್ತವೆ. ಮೂರರಲ್ಲಿ ಒಂದು ಮಾತ್ರ ತಾಗಿದರೆ ಒಬ್ಬನಿಗೆ ಹನ್ನೆರಡು. ಇಬ್ಬರು ಬೀಳುತ್ತಾರೆ, ಮೂರನೆಯವನೆದುರು ಮ್ಯಾಗಜಿನ್ ಖಾಲಿಯಾಗುತ್ತದೆ. ಹತ್ತು ಗುಂಡು ಹೆಚ್ಚಿದ್ದರೆ ಆ ಮೂರನೆಯವನೂ ಬೀಳುತ್ತಾನೆ. ಒಂದು ಸಂಜೆಯ ಆಟದಲ್ಲಿ ಗುಂಡು ಖಾಲಿಯಾಗಿ ಸತ್ತದ್ದು ಎಷ್ಟು ಸಲ, ಗನ್ ಎತ್ತುವಷ್ಟರಲ್ಲಿ ಸತ್ತದ್ದು ಎಷ್ಟು ಸಲ ಎಂದು ಎಣಿಸಿ, ಎರಡನೆಯದು ಹೆಚ್ಚಿದ್ದರೆ ದೊಡ್ಡ ಮ್ಯಾಗಜಿನ್ ತೆಗೆಯಿರಿ. ಪ್ರತಿ ಕೊಲೆಯಾದ ಕೂಡಲೇ ಮ್ಯಾಗಜಿನ್ ಬದಲಿಸುವ ಚಟವಿರುವವರು ದೊಡ್ಡ ಮ್ಯಾಗಜಿನ್ ಹಾಕಿಕೊಳ್ಳುವುದು ನನಗೆ ಅರ್ಥವಾಗದ ಸಂಗತಿ. ಆ ಹೆಚ್ಚಿನ ಹತ್ತು ಗುಂಡು ಎಂದೂ ಹೊರಬರುವುದಿಲ್ಲ.

ಖಾಲಿಯಾದ ಎರಡು ಜಾಗಗಳಿಗೆ ಆ ಲೇಸರ್ ಮತ್ತು ಗನ್ನಿನ ಹಿಂಬದಿಯ ಭುಜದಾಸರೆಯನ್ನು ತೆಗೆದುಹಾಕುವ ನೋ ಸ್ಟಾಕ್ ಹಾಕಿ ನೋಡಿ. ಬ್ಯಾರೆಲ್, ಗ್ರಿಪ್ ಟೇಪ್, ಲೇಸರ್, ನೋ ಸ್ಟಾಕ್, ಮ್ಯಾಗಜಿನ್ ಎಂಬ ಐದರಲ್ಲಿ ಲೇಸರ್ 15, ನೋ ಸ್ಟಾಕ್ 25 ಉಳಿಸಿದವೆಂದರೆ ಎಡಿಎಸ್ ಸಮಯ 260ಕ್ಕೆ ಇಳಿಯುತ್ತದೆ. 10 ಮೀಟರಿನಲ್ಲೂ 23 ಮೀಟರಿನಲ್ಲೂ ಈಗ 500, ಹಿಂದೆ ಎರಡೂ ಕಡೆ 570 ಇತ್ತು. 35 ಮೀಟರಿನಲ್ಲಿ ಕಾಗದದ ಮೇಲೆ 650ರ ಬದಲು 580 ಬರುತ್ತದೆಯಾದರೂ ಅದನ್ನು ನಂಬಬೇಡಿ. ನೋ ಸ್ಟಾಕ್ ಸ್ಪ್ರೆಡ್ ಅನ್ನು ಹೆಚ್ಚಿಸುತ್ತದೆ, ಲೇಸರ್ ಅದನ್ನು ಭಾಗಶಃ ಮಾತ್ರ ಸರಿದೂಗಿಸುತ್ತದೆ, ಅಷ್ಟು ದೂರದಲ್ಲಿ ಒಂದು ಗುಂಡು ತಪ್ಪಿದರೂ 80 ಮಿಲಿಸೆಕೆಂಡ್ ಹೋಗಿ ಲಾಭವೆಲ್ಲ ಕರಗುತ್ತದೆ. ಹತ್ತಿರದಲ್ಲಿ ಮೈ ಅಗಲವಾಗಿ ಕಾಣುವುದರಿಂದ ಅದೇ ಸ್ಪ್ರೆಡ್ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಹಳೆಯ ಲೋಡ್‌ಔಟ್ ಅನ್ನು ಅಳಿಸದೆ ಎರಡನೆಯ ಜಾಗದಲ್ಲಿ ಉಳಿಸಿಕೊಂಡು, ಕ್ರಾಸ್‌ಫೈರ್‌ನ ಉದ್ದನೆಯ ಬೀದಿಯಂಥ ಕಡೆ ಕಾದು ಕೂರಬೇಕಾದಾಗ ಮರುಹುಟ್ಟಿನ ಹೊತ್ತಿಗೆ ಅದಕ್ಕೆ ಬದಲಾಯಿಸಿಕೊಳ್ಳಿ.

ಅಟ್ಯಾಚ್‌ಮೆಂಟ್ ಪೂರ್ತಿಯಾಗಿ ಸರಿಪಡಿಸಲಾರದ ಒಂದು ತೊಂದರೆಯೂ ಇದೆ. ಓಟದಿಂದ ನಿಂತು ಮೊದಲ ಗುಂಡು ಹಾರಿಸಲು ಗನ್ನಿಗೆ ಬೇರೆಯೇ ಒಂದಿಷ್ಟು ಹೊತ್ತು ಬೇಕು. ವಿವರಗಳ ಪಟ್ಟಿಯಲ್ಲಿ ಅದನ್ನು ಪ್ರತ್ಯೇಕವಾಗಿ ತೋರಿಸಿರುತ್ತಾರೆ. ಓಡುತ್ತಲೇ ಮೂಲೆ ತಿರುಗಿದರೆ ಉಳಿಸಿದ 70 ಮಿಲಿಸೆಕೆಂಡ್ ಅಲ್ಲೇ ಮುಗಿದುಹೋಗುತ್ತದೆ, ಮೂಲೆಗೆ ಒಂದೆರಡು ಹೆಜ್ಜೆ ಮೊದಲೇ ಓಟ ನಿಲ್ಲಿಸಿ.

ಹೊಸ ಲೋಡ್‌ಔಟ್‌ನ ಆಟಗಳನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ, ಸತ್ತ ಕ್ಷಣಗಳನ್ನು ನಿಧಾನಗತಿಯಲ್ಲಿ ನೋಡಿ. ಗನ್ ಇನ್ನೂ ಅರ್ಧದಲ್ಲೇ ಇತ್ತೆಂದರೆ ಎಡಿಎಸ್ ಅಥವಾ ಓಟದ ತೊಂದರೆ, ಗನ್ ಎತ್ತಿ ಗುಂಡು ಹಾರಿಸಿಯೂ ತಾಗದೆ ಹೋದರೆ ಸ್ಪ್ರೆಡ್ ಅಥವಾ ರಿಕಾಯಿಲ್‌ನ ತೊಂದರೆ. ಒಂದು ಸಲಕ್ಕೆ ಒಂದೇ ಅಟ್ಯಾಚ್‌ಮೆಂಟ್ ಬದಲಿಸಿ, ಇಲ್ಲವಾದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಬರುತ್ತಾ ಆಡಿದ ಆಟಗಳನ್ನು ಈ ಪರೀಕ್ಷೆಗೆ ಸೇರಿಸಬೇಡಿ. ಪಿಂಗ್, ಅಂದರೆ ನೆಟ್‌ವರ್ಕಿನ ವಿಳಂಬ, ಒಂದೇ ಮಟ್ಟದಲ್ಲಿ ನಿಲ್ಲದೆ ನೂರಾರು ಮಿಲಿಸೆಕೆಂಡ್ ಜಿಗಿಯುತ್ತಿರುವಾಗ 20, 30ರ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.